ಪಂತರ ಅಕ್ಷರ

ಗುಂಡೋಪಂತರು ತೀರಿಕೊಂಡು ತಿಂಗಳಾಗುತ್ತ ಬಂದರೂ ಬೈಲಹೊಂಗಲದ ಮಾಮಲೇದಾರ ಕಚೇರಿಯಿಂದ ಅವರ ಅಕ್ಷರದ ಕಾಗದಗಳು ಬೆಳಗಾವಿಗೆ ಹೋಗುವುದು ನಿಂತಿರಲಿಲ್ಲ. ಅದೇ ದುಂಡು, ಅದೇ ಓರೆ, ಕೊನೆಯ ಅಕ್ಷರದ ಬಾಲವನ್ನು ಬಲಕ್ಕೆಳೆದು ಗಕ್ಕನೆ ನಿಲ್ಲಿಸುವ ಅದೇ ಠೀವಿ. ಟಪಾಲು ಕಟ್ಟುವ ಸಿಪಾಯಿಯೊಬ್ಬ ಒಂದು ದಿನ ಲಕೋಟೆ ಕೈಯಲ್ಲಿ ಹಿಡಿದು, "ಯಪ್ಪಾ, ಇದನ್ನ ನಾ ಮುಟ್ಟೂದಿಲ್ರಿ" ಎಂದು ಮೇಜಿನ ಮೇಲಿಟ್ಟು ಹಿಂದೆ ಸರಿದುಬಿಟ್ಟ. ನಗಬೇಡಿರಿ. ಅದು ಪ್ಲೇಗಿನ ವರ್ಷ, ಸಾವಿರದ ಒಂಬೈನೂರ ಎಂಟು. ಊರಿಗೆ ಊರೇ ಹೊಲದ ಗುಡಿಸಲುಗಳಲ್ಲಿ ಕೂತಿತ್ತು. ಮುಂಜಾನೆ ಮಾತಾಡಿದವರು ಸಂಜೆಗೆ ಇರುತ್ತಿರಲಿಲ್ಲ. ಅಂಥ ದಿನಗಳಲ್ಲಿ ಸತ್ತವರ ಅಕ್ಷರದ ಹಸಿ ಮಸಿ ಬೆರಳಿಗೆ ಹತ್ತಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಆ ಕಾಗದ ಬರೆಯುತ್ತಿದ್ದವನು ದೆವ್ವವೇನಲ್ಲ, ಕಾರಕೂನ ನಿಜಗುಣಪ್ಪ. ಹದಿನಾಲ್ಕು ವರ್ಷದಿಂದ ಅದೇ ಕಚೇರಿಯಲ್ಲಿ, ಅದೇ ಕಿಟಕಿಯ ಕೆಳಗೆ, ಅದೇ ಗಾದಿಯ ಮೇಲೆ ಕೂತವನು. ಗುಂಡೋಪಂತರು ಅಲ್ಲಿಯ ಅವ್ವಲ ಕಾರಕೂನರು. ಅಂದರೆ ಕಾರಕೂನರಿಗೆಲ್ಲ ಹಿರಿಯರು, ಮಾಮಲೇದಾರರು ಊರಲ್ಲಿಲ್ಲದಾಗ ಕಚೇರಿ ನಡೆಸುವವರು. ನಿಜಗುಣಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ನೌಕರಿಗೆ ಬಂದಾಗ ಅವನ ಅಕ್ಷರ ನೋಡಿ ಪಂತರು, "ಏನೋ ಇದು, ಕೋಳಿ ಕೆದರಿದಂಗ" ಎಂದು ಕಾಗದ ಹರಿದು ಬಿಸಾಕಿದ್ದರು. ಆಮೇಲೆ ತಾವೇ ಪಕ್ಕದಲ್ಲಿ ಕೂತು, ಅವನ ಮುಷ್ಟಿಯ ಮೇಲೆ ತಮ್ಮ ಮುಷ್ಟಿಯಿಟ್ಟು ತಿದ್ದಿಸಿದ್ದರು. ಹೊಲದಳತೆಯ ಹಳೆಯ ಮೋಜಣಿ ಕಾಗದ ಓದುವುದು, ಅರ್ಜಿಯ ಹೊಟ್ಟೆಯೊಳಗಿನ ಸುಳ್ಳು ಹಿಡಿಯುವುದು, ವರದಿಯನ್ನು ಎಲ್ಲಿ ಶುರುಮಾಡಿ ಎಲ್ಲಿ ಬಾಯಿ ಮುಚ್ಚಬೇಕೆಂಬುದು, ಯಾವುದನ್ನೂ ಬಚ್ಚಿಡಲಿಲ್ಲ. ಮಸಿಯಲ್ಲಿ ಅದ್ದಿದ ಲೇಖನಿಯನ್ನು ದೌತಿಯ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಬಡಿಯುವುದು ಪಂತರ ರೂಢಿ. ನಿಜಗುಣಪ್ಪನಿಗೂ ಅದು ಬಂದಿತ್ತು. ಕಣ್ಣು ಮುಚ್ಚಿ ಕೇಳಿದರೆ ಬಡಿದವರು ಯಾರೆಂದು ಗೊತ್ತಾಗುತ್ತಿರಲಿಲ್ಲ.

ಕಡೆಕಡೆಗೆ ಪಂತರ ಕಣ್ಣು ಮಂಜಾದವು. ಹೇಳುವವರು ಅವರು, ಬರೆಯುವವನು ಇವನು ಎಂದಾಯಿತು. ಆಮೇಲೆ ಹೇಳುವುದೂ ಬೇಡವಾಯಿತು. ಇವನೇ ಯೋಚಿಸಿ ಬರೆದದ್ದಕ್ಕೆ ಅವರು ರುಜು ಹಾಕುತ್ತಿದ್ದರು. ಪ್ಲೇಗಿನ ಗುಡಿಸಲಲ್ಲಿ ಕೊನೆಯ ದಿನ ನಿಜಗುಣಪ್ಪನ ಬಲಗೈ ಹಿಡಿದುಕೊಂಡು, ಬೆರಳು ಬೆರಳು ಮುಟ್ಟಿ ನೋಡಿ, "ಇದು ನನ್ನ ಕೈ" ಎಂದಿದ್ದರು. ಎಂಥ ಪ್ರೀತಿ ಎಂದು ಇವನು ಬಿಕ್ಕಿಬಿಕ್ಕಿ ಅತ್ತಿದ್ದ. ಆ ಮಾತು ಎಲ್ಲಿ ಬಂದು ಚುಚ್ಚುತ್ತದೆಂದು ಆಗ ಅವನಿಗೇನು ಗೊತ್ತು ಪಾಪ!

ಪಂತರ ಜಾಗ ಖಾಲಿಯಾಯಿತು. ಅದು ತನ್ನದೇ ಎಂದು ನಿಜಗುಣಪ್ಪ ತಿಳಿದಿದ್ದ. ಪರೀಕ್ಷೆ ಪಾಸಾಗಿದ್ದ, ಕೆಲಸ ಬಲ್ಲವನಾಗಿದ್ದ, ಇನ್ನೇನು ಬೇಕು? ಮನೆಯಲ್ಲಿ ಹೆಂಡತಿ ಸಾವಿತ್ರೆವ್ವ ಮಾತ್ರ ರೊಟ್ಟಿ ಬಡಿಯುತ್ತ, "ಹಿಂದ ಎರಡ ಸಲ ಬ್ಯಾರೆ ತಾಲೂಕಿನಾಗ ಜಾಗಾ ಖಾಲಿ ಆದಾಗೂ ಹಿಂಗ ಅಂದಿದ್ರಿ" ಎಂದಳು.

"ಆವಾಗಿನ ಮಾತ ಬ್ಯಾರೆ. ಪಂತರು ನನ್ನ ಪರ ಹೇಳೇ ಇರತಾರ. ಆದ್ರ ಸಾಹೇಬ್ರ ಮನಸ್ಸಿಗೆ ಬಂದಿರಾಕಿಲ್ಲ."

"ಹೇಳಿದ್ದನ್ನ ನೀವ ಕೇಳೀರೇನು?"

ಅವನು ಪೇಟಾ ಸುತ್ತಿಕೊಂಡು ಹೊರಬಿದ್ದ.

ಆಗ ಮಾಮಲೇದಾರರಾಗಿ ಬಂದವರು ಮೌಲಾಸಾಬರು. ಬಂದು ಮೂರೇ ತಿಂಗಳಾಗಿತ್ತು. ದಪ್ಪ ದೇಹ, ಬಿಳಿ ಗಡ್ಡ, ನಾಲಿಗೆ ಮಾತ್ರ ಕತ್ತರಿ. ಸವದತ್ತಿಯ ಮಾಮಲೇದಾರರು ತಮ್ಮ ಕಾರಕೂನ ಉಳವಪ್ಪನಿಗೆ ಈ ಜಾಗ ಕೊಡಿಸಬೇಕೆಂದು ಟೊಂಕ ಕಟ್ಟಿದ್ದಾರೆಂಬ ಸುದ್ದಿ ಕಚೇರಿಗೆ ಬಂದ ದಿನ ನಿಜಗುಣಪ್ಪ ಧೈರ್ಯ ಮಾಡಿ ಅವರ ಮುಂದೆ ಹೋಗಿ ನಿಂತ.

"ಸಾಹೇಬ್ರ, ಅವ್ವಲ ಕಾರಕೂನನ ಜಾಗಾ ನನಗ ಬೇಕ್ರಿ. ಪಂತರು ನನಗ ಕಲಿಸದ ವಿದ್ಯಾ ಇಲ್ರಿ."

"ಕಲಿಸ್ಯಾರ, ಒಪ್ಪಿದೆ" ಎಂದರು ಮೌಲಾಸಾಬರು. "ಡೇರೆದಾಗ ಕುಂತಾಗ ನಿನ್ನ ಬಗ್ಗೆ ಏನ ಹೇಳ್ಯಾರ?"

ವರ್ಷಕ್ಕೊಮ್ಮೆ, ಹಲವು ತಾಲೂಕುಗಳ ಮೇಲಿನ ಅಧಿಕಾರಿಯಾದ ಪ್ರಾಂತ ಸಾಹೇಬನ ಮೊಕ್ಕಾಂ ತಾಲೂಕಿಗೆ ಬರುತ್ತಿತ್ತು. ಅವನ ಡೇರೆಯಲ್ಲಿ ಸುತ್ತಲಿನ ಮಾಮಲೇದಾರರು, ಅವನ ಶಿರಸ್ತೆದಾರ, ಆ ಊರಿನ ಅವ್ವಲ ಕಾರಕೂನ ಇಷ್ಟು ಜನ ಕೂತು ಯಾರಿಗೆ ಬಡ್ತಿ ಎಂಬುದನ್ನು ಮಾತಾಡಿ ಮುಗಿಸುವರು. ಬೆಳಗಾವಿಯ ಕಲೆಕ್ಟರ ಸಾಹೇಬ ಬರೀ ರುಜು ಹಾಕುವವನು. ಯಾರ ಬಗ್ಗೆ ಮಾತೋ ಅವನು ಹೊರಗೆ ದಫ್ತರದ ಗಂಟು ಹಿಡಿದು ಕೂತಿರಬೇಕು. ಅದು ನಡೆದು ಬಂದ ರೀತಿ.

"ನನಗೆಂಗ ಗೊತ್ತಾಗಬೇಕ್ರಿ? ನಾ ಹೊರಗ ದೂರ ಮರದ ಕೆಳಗ ಇರತಿದ್ದೆ."

"ಹೌದಲ್ಲ? ಅಲ್ಲೇ ಐತಿ ನೋಡು ಮಾತು. ಕಲಿಸೋದು ನಿನ್ನ ಮುಂದ ಕುಂತು ಮಾಡೂ ಕೆಲಸ. ಹೆಸರು ಹೇಳೋದು ನೀ ಇಲ್ಲದಲ್ಲಿ ಮಾಡೂ ಕೆಲಸ. ಕಲಿಸಿದ್ರ ನನ್ನ ಹೊತ್ತು ಹೋಗತೈತಿ, ಹೋಗಲಿ. ಹೆಸರು ಹೇಳಿದ್ರ ಹಂಗಲ್ಲಪಾ, ನನ್ನ ಮಾತನ್ನ ನಿನ್ನ ಮ್ಯಾಲೆ ಹೂಡತೇನಿ. ನಾಳೆ ನೀ ಎಡವಿದ್ರ ಬೀಳಾವ ನಾನು. ಯಾಕ ಹೇಳಲಿ? ನಿನ್ನ ಕೆಲಸಾ ನಾ ಎಲ್ಲಿ ನೋಡೇನಿ?"

"ಏಳು ವರ್ಷದ ವರದಿ ಎಲ್ಲಾ ನಂದ ರಿ..." ಎಂದವನು ಅಲ್ಲಿಗೇ ನಿಂತ.

ಮೌಲಾಸಾಬರು ಮೇಜಿನ ಮೇಲಿದ್ದ ಕಾಗದವನ್ನು ಅವನ ಕಡೆ ತಿರುಗಿಸಿದರು. ನಿನ್ನೆ ಇವನೇ ಬರೆದದ್ದು. "ಇದು ಯಾರ ಅಕ್ಷರ? ಮೂರು ತಿಂಗಳ ನೋಡಾಕ ಹತ್ತೇನಿ, ಪಂತರ ಅಕ್ಷರ. ಮೇಲಿನವರು ಹತ್ತ ವರ್ಷದಿಂದ ನೋಡಾಕ ಹತ್ಯಾರ, ಪಂತರ ಅಕ್ಷರ. ನೀ ಎಲ್ಲಿದ್ದೀ ನಿಜಗುಣಪ್ಪ?"

ನಿಜಗುಣಪ್ಪನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಅವನ ಮುಖ ನೋಡಿ ಮುದುಕರು ತುಸು ಮೆತ್ತಗಾದರು.

"ಬಾಯಿ ಬಿಟ್ಟು ಬೇಕು ಅಂತ ಕೇಳಿದೆಲ್ಲ, ಅದು ಛಲೋ ಮಾಡಿದಿ. ಮಂದಿ ಅದನ್ನೂ ಕೇಳೂದಿಲ್ಲ, ತಾನ ಗೊತ್ತಾಗತೈತಿ ಅಂತ ಕುಂದರತಾರ. ಈಗ ನನಗ ಹೇಳಾಕ ಏನರ ಕೊಡು. ಹೊಳಿ ದಂಡಿ ಮೂರು ಹಳ್ಳಿ ಪಹಣಿ ಗೊತ್ತೈತಲ್ಲ?"

ಗೊತ್ತಿರದೆ ಏನು? ಹೊಲ ಹೊಲ ತಿರುಗಿ ಬೆಳೆ, ಗಡಿಯ ಬಾಂದಕಲ್ಲು ನೋಡಿ ಬರೆಯಬೇಕಾದ ಪಹಣಿಯನ್ನು ಆ ವರ್ಷ ಪ್ಲೇಗಿಗೆ ಹೆದರಿ ಯಾರೋ ಮನೆಯಲ್ಲೇ ಕೂತು ತುಂಬಿದ್ದರು. ಪ್ರಾಂತ ಸಾಹೇಬ ಕುದುರೆ ಏರಿ ಹೋಗಿ ನೋಡುವ ಜಾತಿಯವನು. ಅವನು ಕಂಡರೆ ಮೌಲಾಸಾಬರ ಮಾನ ಹರಾಜು. ಮೊಕ್ಕಾಮಿಗೆ ಹನ್ನೆರಡು ದಿನ ಉಳಿದಿತ್ತು. ಆ ಹಳ್ಳಿಗಳಿಗೆ ಹೋಗೆಂದರೆ ಒಬ್ಬನಿಗೆ ಜ್ವರ, ಇನ್ನೊಬ್ಬನ ಅತ್ತೆ ಸಾಯುವ ಹಾಗೆ.

"ನಾ ಹೋಗತೇನ್ರಿ" ಎಂದ ನಿಜಗುಣಪ್ಪ.

"ಹೋಗು. ನಡುವ ಒಂದಿನ ನಾನೂ ಬರತೇನಿ, ಕೇಳಿದ್ದನ್ನ ಡೇರೆದಾಗ ಹೇಳಾಂವ ಅಲ್ಲ ನಾ, ಕಂಡದ್ದನ್ನ ಹೇಳಾಂವ. ಮತ್ತ ವರದಿ ನಿನ್ನ ಹೆಸರಿಲೆ ಬರಿ, ನಿನ್ನ ಅಕ್ಷರದಾಗ ಬರಿ."

ಎಂಟು ದಿನ ಅವನು ಮಲಪ್ರಭೆಯ ದಂಡೆ ತುಳಿದ. ಹಳ್ಳಿಗಳೆಲ್ಲ ಬಿಕೋ ಎನ್ನುತ್ತಿದ್ದವು. ಜನ ದೂರದ ಗುಡಿಸಲುಗಳಲ್ಲಿ, ಊರೊಳಗೆ ಬೀಗ ಹಾಕಿದ ಬಾಗಿಲುಗಳು, ಅಂಗಳದಲ್ಲಿ ಬೋರಲಾದ ತೊಟ್ಟಿಲು, ಯಾರೂ ಬಿಚ್ಚದೆ ಹೋದ ತೋರಣ. ಮಟಮಟ ಮಧ್ಯಾಹ್ನವೇ ಹೆದರಿಕೆ ಬರುತ್ತಿತ್ತು. ಆದರೂ ಒಂದೊಂದು ಹೊಲಕ್ಕೂ ಕಾಲಿಟ್ಟ. ಜೋಳ ಎಲ್ಲಿ ನಿಂತಿದೆ, ಎಲ್ಲಿ ಬಿತ್ತದೆ ಬಿಟ್ಟಿದ್ದಾರೆ, ಯಾವ ಕಲ್ಲು ನೆಟ್ಟಗಿದೆ, ಯಾವುದನ್ನು ಕಿತ್ತು ಸರಿಸಿದ್ದಾರೆ, ಎಲ್ಲ ಬರೆದುಕೊಂಡ. ಹತ್ತೊಂಬತ್ತು ಕಲ್ಲುಗಳು ಜಾಗದಲ್ಲಿರಲಿಲ್ಲ. ಐದನೆಯ ದಿನ ಮೌಲಾಸಾಬರು ಬಂದರು. ಬೆವರು ಒರೆಸಿಕೊಳ್ಳುತ್ತ ಇಡೀ ದಿನ ಹಿಂದೆ ಹಿಂದೆ ನಡೆದರು, ಒಂದು ಮಾತೂ ಹೊಗಳಲಿಲ್ಲ. ಮುಳ್ಳುಕಂಟಿಯೊಳಗೆ ಮುಚ್ಚಿಹೋಗಿದ್ದ ಒಂದು ಕಲ್ಲನ್ನು ಇವನು ತೋರಿಸಿದಾಗ ಮಾತ್ರ ತಾವೂ ಕಂಟಿಯೊಳಗೆ ಕೈಹಾಕಿ ಮುಟ್ಟಿ ನೋಡಿದರು.

ಕೊನೆಯ ಹಳ್ಳಿಯ ಚಾವಡಿಯಲ್ಲಿ ಹಳೆಯ ದಫ್ತರ ಬಿಚ್ಚಿದ. ಎಲ್ಲ ಪಂತರ ಅಕ್ಷರ. ಇದರಲ್ಲಿ ತಾನು ಬರೆದದ್ದು ಯಾವುದು? ಒಂದು ಹಾಳೆ ತೆಗೆದ, ಇನ್ನೊಂದು ತೆಗೆದ. ಹತ್ತು ವರ್ಷದ ಹಿಂದಿನದೂ ಹೋದ ವರ್ಷದ್ದೂ ಅವಳಿಜವಳಿ. ತಾನು ಯಾವ ಹಾಳೆಯಿಂದ ಶುರುವಾದೆನೆಂದು ಹುಡುಕಿ ಹುಡುಕಿ ಸೋತ. ಖಾಲಿ ಊರಿನ ಆ ಚಾವಡಿಯಲ್ಲಿ ಅವನಿಗೆ ಪಂತರು ಸತ್ತೇ ಇಲ್ಲ, ಸತ್ತವನು ತಾನೇ ಎನ್ನಿಸಿತು.

ಕಚೇರಿಗೆ ಮರಳಿ ವರದಿ ಬರೆಯಲು ಕೂತಾಗ ಶಿವಶಿವಾ ಎನ್ನುವಂತಾಯಿತು. ನಿನ್ನ ಅಕ್ಷರದಲ್ಲಿ ಬರೆ ಎಂದಿದ್ದರಲ್ಲ, ಎಲ್ಲಿದೆ ಅದು? ಬೇಕೆಂತಲೇ ಸೊಟ್ಟಗೆ ಎಳೆದ. ನಾಲ್ಕು ಸಾಲು ಹೋಗುವಷ್ಟರಲ್ಲಿ ಕೈ ತಾನೇ ತಿರುಗಿ ದುಂಡಾಯಿತು. ಹಾಳೆ ಹರಿದ. ಮತ್ತೆ ಬರೆದ. ಮತ್ತೆ ಅದೇ ಬಾಲ, ಅದೇ ಓರೆ. ಮುಷ್ಟಿಯ ಮೇಲೆ ಇನ್ನೊಂದು ಮುಷ್ಟಿಯ ಬಿಸುಪು ಇದ್ದ ಹಾಗೆ. "ಪಂತರ, ಬಿಡ್ರಿ ನನ್ನ" ಎಂದು ಹಾಡಹಗಲೇ ಜೋರಾಗಿ ಅಂದುಬಿಟ್ಟ. ಪಕ್ಕದ ಗಾದಿಯ ಕಿರಿಯ ಕಾರಕೂನ, ದೊಡವಾಡದ ಲಗಮಣ್ಣ, ತಲೆಯೆತ್ತಿ ನೋಡಿ, "ಏನ್ರಿ?" ಎಂದ. ಈ ಲಗಮಣ್ಣನಿಗೆ ನಿಜಗುಣಪ್ಪನೇ ಎರಡು ವರ್ಷದಿಂದ ಕೆಲಸ ಕಲಿಸುತ್ತಿದ್ದ. "ಏನಿಲ್ಲ, ನಿನ್ನ ಕೆಲಸಾ ನೋಡು" ಎಂದು, ಬಂದ ಅಕ್ಷರದಲ್ಲೇ ವರದಿ ಮುಗಿಸಿ, ಕೆಳಗೆ ತನ್ನ ಹೆಸರನ್ನು ದಪ್ಪಗೆ ಬರೆದ. ಬೇರೆ ದಾರಿ ಇರಲಿಲ್ಲ, ಹೊತ್ತೂ ಇರಲಿಲ್ಲ.

ಮೊಕ್ಕಾಂ ಕಿತ್ತೂರಿನಲ್ಲಿ ಬಿದ್ದಿತ್ತು. ಹಾಳುಗೋಡೆಗಳ ಆಚೆಯ ಮಾವಿನ ಮರಗಳ ಕೆಳಗೆ ಡೇರೆಗಳು. ಹಿಂದೆಲ್ಲ ದೂರದ ಮರದ ಕೆಳಗೆ ಕೂರುತ್ತಿದ್ದ ನಿಜಗುಣಪ್ಪ ಈ ಸಲ ಗಂಟು ತೊಡೆಯ ಮೇಲಿಟ್ಟುಕೊಂಡು ಡೇರೆಯ ಹಗ್ಗದ ಬದಿಗೇ ಕೂತ. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಸವದತ್ತಿಯ ಮಾಮಲೇದಾರರು ಉಳವಪ್ಪನನ್ನು ಹೊಗಳಿ ಮುಗಿಸಿದ್ದರು. ಆಮೇಲೆ ಹಾಳೆ ಮಗುಚುವ ಸಪ್ಪಳ, ಆಮೇಲೆ ಶಿರಸ್ತೆದಾರ ಬಸವಣ್ಣೆಪ್ಪನವರ ದನಿ. ಮುದುಕರ ದನಿ ಒಡೆದಿತ್ತು.

"ಸಾಹೇಬ್ರ... ಇದು ಗುಂಡೋಪಂತರ ಅಕ್ಷರ. ಇದರಾಗಿನ ತಾರೀಖು ಮೊನ್ನೆದು. ಅವರು ಸತ್ತು ಎರಡ ತಿಂಗಳಾತ್ರಿ."

ಆಮೇಲೆ ಸವದತ್ತಿಯವರು ನಕ್ಕರು. "ಹಳೇ ವರದಿ ನಕಲ ಮಾಡಿ ತಾರೀಖ ಹಾಕಿರಬೇಕ್ರಿ. ಸತ್ತವರ ಹೆಸರಿಲೆ ಬಡ್ತಿ ಕೇಳಾಕ ಬಂದಾನ."

ಮುಗಿಯಿತು ಎಂದುಕೊಂಡ ನಿಜಗುಣಪ್ಪ. ಎದ್ದು ಒಳಗೆ ನುಗ್ಗಿ ಹೇಳಬೇಕೆನಿಸಿತು. ಆದರೆ ಹೊರಗೆ ಕೂತವನ ಮಾತಿಗೆ ಒಳಗೆ ಏನು ಬೆಲೆ?

"ಸತ್ತ ಮನುಷ್ಯನು ವರದಿ ಬರೆಯುವುದಿಲ್ಲ" ಎಂದ ಪ್ರಾಂತ ಸಾಹೇಬ. ವಿಲಾಯತಿಯ ಗೋರಾ ಮನುಷ್ಯ, ಪುಸ್ತಕದಿಂದ ಕಲಿತ ಕನ್ನಡ. "ಕೆಳಗೆ ಬೇರೆ ಹೆಸರು ಇದೆ. ನಿಜವಾಗಿ ಬರೆದವನು ಯಾರು?"

ಕುರ್ಚಿ ಹಿಂದೆ ಸರಿದ ಸಪ್ಪಳವಾಯಿತು. ಮೌಲಾಸಾಬರು ಎದ್ದು ನಿಂತಿದ್ದರು.

"ಬರದಾಂವ ನನ್ನ ಕಾರಕೂನ ನಿಜಗುಣಪ್ಪ. ಯಾರೂ ಕಾಲಿಡದ ಹಳ್ಳಿಗೆ ತಾನಾಗೇ ಹೋದ. ನಾ ಹಿಂದ ನಡದೇನಿ, ಕಂಟ್ಯಾಗಿನ ಕಲ್ಲು ನನ್ನ ಕೈಲೆ ಮುಟ್ಟೇನಿ. ಆ ಅಕ್ಷರಾ ಪಂತರು ಕಲಿಸಿದ್ದು, ಕೆಲಸಾ ಇವಂದು. ಮೊದಲ ನನ್ನ ಕಚೇರಿಯ ಪಹಣಿ ಸುಳ್ಳಿತ್ತು, ಅದನ್ನೂ ಒಪ್ಪಕೊಳ್ಳತೇನಿ. ನಾಳೆ ಕುದುರಿ ಮ್ಯಾಲೆ ಹೋಗಿ ನಿಮಗ ಬೇಕಾದ ಹೊಲಾ ನೋಡ್ರಿ. ಒಂದ ಕಲ್ಲು ತಪ್ಪಿದ್ರ ಅವನ ಹೆಸರಿಗೆ ಬರೀಬ್ಯಾಡ್ರಿ, ನನ್ನ ಹೆಸರಿಗೆ ಬರೀರಿ. ಅವ್ವಲ ಕಾರಕೂನನ ಜಾಗಾ ಅವಗ ಸಿಗಬೇಕು ಅನ್ನೂದು ನನ್ನ ಮಾತು."

ಹದಿನಾಲ್ಕು ವರ್ಷದಲ್ಲಿ ಆ ಬಟ್ಟೆಗೋಡೆಯ ಒಳಗಿಂದ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಬಸವಣ್ಣೆಪ್ಪನವರು ಮೆಲ್ಲಗೆ ಅಂದರು:

"ಇವನ ಹೆಸರು ನೆನಪಾತ್ರಿ. ಹಿಂದ ಎರಡ ಸಲ ಇದ ಡೇರೆದಾಗ ಪಂತರನ್ನ ನಾನ ಕೇಳಿದ್ದೆ, ನಿಮ್ಮ ಕೈಯಾಗಿನ ಆ ನಿಜಗುಣಪ್ಪ ಹೆಂಗ ಅಂತ. 'ಹುಡುಗ ಛಲೋ ಅದಾನ, ಇನ್ನೂ ಕಲೀಬೇಕು' ಅಂದ್ರು. ಎರಡೂ ಸಲ ಅದ ಮಾತು."

ಹಗ್ಗ ಹಿಡಿದಿದ್ದ ಕೈ ಜಾರಿತು. ಇನ್ನೂ ಕಲೀಬೇಕು! ಅವರ ರುಜುವಿನ ಮೇಲಿನ ಒಂದೊಂದು ಸಾಲನ್ನೂ ತಾನೇ ಬರೆಯುತ್ತಿದ್ದ ವರ್ಷಗಳವು. ಇವನು ಹೋದರೆ ಬರೆಯುವವರು ಯಾರು ಎಂದು ಆ ಮಂಜುಗಣ್ಣಿನ ಮುದುಕರು ಹೆದರಿದ್ದರೆ? ಇದು ನನ್ನ ಕೈ ಅಂದರಲ್ಲ. ಕೈಯನ್ನು ಯಾರು ಕಡಿದು ಕೊಡುತ್ತಾರೆ? ಅವರ ಮೇಲೆ ಹೇಸಿಕೆಪಡಬೇಕೆಂದು ನೋಡಿದ, ಆಗಲಿಲ್ಲ. ಅವರ ಮುಷ್ಟಿಯ ಬಿಸುಪೇ ನೆನಪಾಗಿ ಕಣ್ಣಲ್ಲಿ ನೀರು ಬಂತು, ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಸಾಹೇಬ ಹೋಗಿ ಏಳು ಹೊಲ ನೋಡಿದ. ಏಳೂ ವರದಿಯ ಹಾಗೇ ಇದ್ದವು. ಸುಳ್ಳು ಪಹಣಿಗಾಗಿ ಮೌಲಾಸಾಬರಿಗೆ ಒಂದು ಕಟುವಾದ ಕಾಗದ ಬಂತು, ನಿಜಗುಣಪ್ಪನಿಗೆ ಜಾಗ ಬಂತು. ಅವನು ಕಾಲು ಮುಟ್ಟಲು ಹೋದರೆ ಮೌಲಾಸಾಬರು ಹಿಂದೆ ಸರಿದು, "ಏ ಹುಚ್ಚಾ, ಕಾಲಿಗ್ಯಾಕ ಬೀಳತಿ? ನಾಳೆ ನೀನೂ ಡೇರೆದಾಗ ಕುಂದರಾಂವ. ಅಲ್ಲಿ ನೆನಪಿಡು, ಸಾಕು" ಎಂದರು.

ನೆನಪಿಡುವುದು ಸುಲಭ ಎಂದು ನಿಜಗುಣಪ್ಪ ತಿಳಿದಿದ್ದ. ಮೌಲಾಸಾಬರಿಗೆ ವರ್ಗವಾಯಿತು. ಪಂತರ ಗಾದಿ, ಪಂತರ ದೌತಿ ಇವನವಾದವು. ಕೆಲಸ ಬೆಟ್ಟದಷ್ಟು. ಲಗಮಣ್ಣ ಚುರುಕಾದವನು. ಮೊದಮೊದಲು ಇವನು ಹೇಳಿ ಬರೆಸಿದ, ಆಮೇಲೆ ಬರೆದು ತಂದದ್ದಕ್ಕೆ ರುಜು ಹಾಕತೊಡಗಿದ. ಎರಡು ವರ್ಷ ಕಳೆದದ್ದೇ ತಿಳಿಯಲಿಲ್ಲ.

ಮತ್ತೆ ಕಿತ್ತೂರು, ಮತ್ತೆ ಡೇರೆ. ಈಗ ನಿಜಗುಣಪ್ಪ ಒಳಗೆ, ಬಸವಣ್ಣೆಪ್ಪನವರ ಪಕ್ಕದಲ್ಲಿ ಕೂತಿದ್ದ. ಸವದತ್ತಿಯಲ್ಲಿ ಮೇಲಿನ ಜಾಗವೊಂದು ಖಾಲಿಯಿತ್ತು. ಸಾಹೇಬ ಒಂದು ವರದಿಯನ್ನು ಮುಂದೆ ಸರಿಸಿ, "ಇದು ಬಹಳ ಉತ್ತಮವಾದುದು. ನಿಮ್ಮ ಅಕ್ಷರವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ" ಎಂದ.

ನಿಜಗುಣಪ್ಪ ನೋಡಿದ. ಅದೇ ದುಂಡು, ಅದೇ ಓರೆ, ಅದೇ ಬಾಲ. ಅದನ್ನು ಬರೆದವನು ಅವನಲ್ಲ, ಲಗಮಣ್ಣ. ಆ ಅಕ್ಷರ ಲಗಮಣ್ಣನ ಕೈಗೆ ಯಾವಾಗ ಹೋಯಿತೆಂದು ಇವನು ಲಕ್ಷ್ಯವನ್ನೇ ಕೊಟ್ಟಿರಲಿಲ್ಲ. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ನಿಮ್ಮ ಕಚೇರಿಯಲ್ಲಿ ಲಗಮಣ್ಣ ಎಂಬವನಿದ್ದಾನೆ. ಅವನು ಹೇಗೆ?" ಎಂದು ಸಾಹೇಬ ಪಟ್ಟಿ ನೋಡುತ್ತ ಕೇಳಿದ.

"ಛಲೋ ಅದಾನ್ರಿ" ಎಂದ ನಿಜಗುಣಪ್ಪ. ಲಗಮಣ್ಣ ಹೋದರೆ ನಾಳೆ ಆ ಗುಡ್ಡೆ ಕಾಗದ ಬರೆಯುವವರು ಯಾರು ಎಂಬುದು ತಲೆಗೆ ಬಂದದ್ದೂ ನಾಲಿಗೆ ಮುಂದಕ್ಕೆ ಹೋದದ್ದೂ ಒಟ್ಟಿಗೇ. "ಇನ್ನೂ..."

ದನಿ ಅವನದಾಗಿರಲಿಲ್ಲ. ಪಕ್ಕದಲ್ಲಿ ಬಸವಣ್ಣೆಪ್ಪನವರು ತಟ್ಟನೆ ತಿರುಗಿ ಅವನ ಮುಖ ನೋಡಿದರು. ಆಗಲೇ ಬಟ್ಟೆಗೋಡೆಯ ಆಚೆಯಿಂದ, ಹಗ್ಗದ ಬದಿಗೆ ಕೂತು ಏನೋ ಬರೆಯುತ್ತಿದ್ದ ಲಗಮಣ್ಣನ ದೌತಿಯ ಸಪ್ಪಳ ಕೇಳಿತು. ಟಕ್ ಟಕ್.

ನಿಜಗುಣಪ್ಪ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ.

"ತಪ್ಪಾತ್ರಿ ಸಾಹೇಬ್ರ. ಈ ವರದಿ ನಂದಲ್ಲ. ಇದನ್ನ ಬರದಾಂವ ಲಗಮಣ್ಣ, ಹೋದ ವರ್ಷದ್ದೂ ಅವಂದ. ರುಜು ಅಷ್ಟ ನಂದು. ಅಂವ ಕಲಿಯೂದು ಏನೂ ಉಳದಿಲ್ಲ. ಸವದತ್ತಿ ಜಾಗಾ ಅವಗ ಕೊಡ್ರಿ. ಅಂವ ಎಡವಿದ್ರ ನನ್ನ ಹೆಸರಿಗೆ ಬರೀರಿ."

ಹದಿನೈದು ದಿನದಲ್ಲಿ ಹುಕುಮು ಬಂತು, ಲಗಮಣ್ಣ ಗಂಟುಮೂಟೆ ಕಟ್ಟಿಕೊಂಡು ಸವದತ್ತಿಯ ಚಕ್ಕಡಿ ಹತ್ತಿದ. ಮರುದಿನ ನಿಜಗುಣಪ್ಪ ಕಚೇರಿಗೆ ಬಂದಾಗ ಪಕ್ಕದ ಗಾದಿ ಖಾಲಿ, ಮುಂದೆ ಕಾಗದದ ಗುಡ್ಡೆ. ಎರಡು ವರ್ಷ ರುಜು ಬಿಟ್ಟು ಬೇರೇನೂ ಬರೆಯದ ಕೈ ಬಿಗಿದುಹೋಗಿತ್ತು. ಲೇಖನಿ ಅದ್ದಿದ, ದೌತಿಗೆ ಬಡಿಯಲು ಎತ್ತಿದ ಕೈಯನ್ನು ತಡೆದು ಹಾಗೇ ಹಾಳೆಗಿಟ್ಟ. ಒಂದು ಹನಿ ಮಸಿ ಬಿತ್ತು. ಅಕ್ಷರಗಳು ಸೊಟ್ಟಸೊಟ್ಟಗೆ, ಕೋಳಿ ಕೆದರಿದ ಹಾಗೆ ಬಂದವು. ಅವನು ಆ ಹಾಳೆಯನ್ನು ಹರಿಯಲಿಲ್ಲ, ಕೆಳಗೆ ಹೆಸರು ಬರೆದು ಟಪಾಲಿಗೆ ಕೊಟ್ಟ. ಸಿಪಾಯಿ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾರ ಅಕ್ಷರ್ರಿ?" ಎಂದು ಕೇಳಿದ.

"ನಂದು" ಎಂದ ನಿಜಗುಣಪ್ಪ.